ಸಹಾಯ ಬೇಕು: 10 ಸೋಲಾರ್ ಪ್ಯಾನೆಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಬಹುದೇ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಸಮೀಪದ ನಮ್ಮ ತೋಟದ ಮನೆಗೆ 540 ವ್ಯಾಟ್‌ನ 10 ಪ್ಯಾನೆಲ್‌ಗಳನ್ನು ತಂದಿದ್ದೇನೆ. ಪ್ರತಿ ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ 49.5, ಶಾರ್ಟ್ ಸರ್ಕ್ಯೂಟ್ ಕರೆಂಟ್ 13.85 ಆಂಪಿಯರ್. ಇನ್ವರ್ಟರಿನ ಒಂದೇ ಎಂಪಿಪಿಟಿ ಇನ್‌ಪುಟ್ 120ರಿಂದ 430 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ. ಅದು ತಡೆಯಬಲ್ಲ ಗರಿಷ್ಠ ವೋಲ್ಟೇಜ್ 500, ಗರಿಷ್ಠ ಶಾರ್ಟ್ ಸರ್ಕ್ಯೂಟ್ ಕರೆಂಟ್ 22 ಆಂಪಿಯರ್.

ಹತ್ತನ್ನೂ ಸೀರೀಸ್‌ನಲ್ಲಿ ಹಾಕಿದರೆ 495 ವೋಲ್ಟ್ ಆಗುವುದರಿಂದ ತೊಂದರೆಯಿಲ್ಲ ಎಂದು ಅಳವಡಿಸಲು ಬಂದವರು ಹೇಳುತ್ತಾರೆ. ಆದರೆ ಆ ಲೆಕ್ಕ 25 ಡಿಗ್ರಿ ಉಷ್ಣಾಂಶದ್ದು. ಪ್ಯಾನೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ನಮ್ಮ ಪ್ಯಾನೆಲ್‌ನಲ್ಲಿ ಡಿಗ್ರಿಗೆ ಶೇ. 0.27ರಂತೆ. ಚಳಿಗಾಲದ ಬೆಳಗ್ಗೆ 10 ಡಿಗ್ರಿ ಇದ್ದರೆ ಶೇ. 4ರಷ್ಟು ಹೆಚ್ಚಿ, 495 ಇದ್ದದ್ದು 515 ಆಗುತ್ತದೆ. ಇನ್ವರ್ಟರ್ ಇನ್ನೂ ಕರೆಂಟ್ ಎಳೆಯಲು ಆರಂಭಿಸದ ಹೊತ್ತಿನಲ್ಲಿ ಈ ಪೂರ್ಣ ವೋಲ್ಟೇಜೇ ಅದರ ಮೇಲೆ ಬೀಳುತ್ತದೆ ಎಂಬುದೇ ನನ್ನ ಆತಂಕ.

ಐದೈದರ ಎರಡು ಸ್ಟ್ರಿಂಗ್ ಮಾಡಿ ಪ್ಯಾರಲಲ್‌ನಲ್ಲಿ ಸೇರಿಸಿದರೆ ವೋಲ್ಟೇಜ್ ಸುಮಾರು 248ಕ್ಕೆ ಇಳಿಯುತ್ತದೆ, ಆದರೆ ಕರೆಂಟ್ 27.7 ಆಂಪಿಯರ್ ಆಗಿ ಮಿತಿ ಮೀರುತ್ತದೆ. ಒಂಬತ್ತನ್ನು ಮಾತ್ರ ಸೀರೀಸ್‌ನಲ್ಲಿ ಹಾಕಿದರೆ ಅದೇ ಚಳಿಯಲ್ಲೂ 464 ವೋಲ್ಟ್ ದಾಟುವುದಿಲ್ಲ.

ಹಣ ಕೊಟ್ಟು ತಂದ ಒಂದು ಪ್ಯಾನೆಲ್ಲನ್ನು ಬಿಡಲು ಮನಸ್ಸು ಒಪ್ಪುತ್ತಿಲ್ಲ. ಹತ್ತನ್ನೂ ಸುರಕ್ಷಿತವಾಗಿ ಬಳಸಲು ಇದೇ ಇನ್ವರ್ಟರಿನಲ್ಲಿ ದಾರಿಯಿದೆಯೇ, ಅಥವಾ ಒಂಬತ್ತೇ ಸರಿಯೇ? ಮಲೆನಾಡಿನಲ್ಲಿ ಅಳವಡಿಸಿದವರು ಎಷ್ಟು ಡಿಗ್ರಿಯನ್ನು ಕನಿಷ್ಠವೆಂದು ಹಿಡಿದು ಲೆಕ್ಕ ಹಾಕಿದ್ದೀರಿ ಎಂಬುದನ್ನೂ ದಯವಿಟ್ಟು ತಿಳಿಸಿ.