ಅಪ್‌ಡೇಟ್: ತಮ್ಮನ ಹೃದಯದ ಎಂಆರ್‌ಐ ಆಯ್ತು

ಆಗ ಕೇಳಿದ್ದು: ತಮ್ಮನಿಗೆ ಥಲಸ್ಸೇಮಿಯಾ, ಪದೇ ಪದೇ ರಕ್ತ ಹಾಕಿಸೋದರಿಂದ ಮೈಯಲ್ಲಿ ಕಬ್ಬಿಣ ಸೇರುತ್ತದೆ. ಎಕೋ ನಾರ್ಮಲ್, ಮೈಯಲ್ಲಿನ ಕಬ್ಬಿಣ ಅಂದಾಜಿಸೋ ರಕ್ತ ಪರೀಕ್ಷೆ ಫೆರಿಟಿನ್ ಕೂಡ ಇಳಿದಿದೆ. ಆದರೂ ಹೃದಯದ ಎಂಆರ್‌ಐ ಬೇಕಾ?

ಬೇಕಿತ್ತು. ಟಿ2 ಸ್ಟಾರ್ 9 ಮಿಲಿಸೆಕೆಂಡ್ ಬಂತು. 20ಕ್ಕಿಂತ ಜಾಸ್ತಿ ಇದ್ದರೆ ಸರಿ, 10ರ ಕೆಳಗಿದ್ದರೆ ಹೃದಯದಲ್ಲಿ ಕಬ್ಬಿಣ ತುಂಬಾ ಕೂತಿದೆ ಎಂದರ್ಥ. ಕಬ್ಬಿಣ ಇದ್ದಲ್ಲಿ ಎಂಆರ್‌ಐ ಸಿಗ್ನಲ್ ಬೇಗ ಆರಿಹೋಗುತ್ತದೆ, ಎಷ್ಟು ಬೇಗ ಅನ್ನೋದನ್ನೇ ಈ ಅಂಕಿ ಹೇಳುತ್ತದೆ, ಹಾಗಾಗಿ ಅಂಕಿ ಇಳಿದಷ್ಟೂ ಕಬ್ಬಿಣ ಜಾಸ್ತಿ. ನಾನು ಉಲ್ಟಾ ತಿಳಿದು ಸುಮ್ನೆ ಖುಷಿಪಟ್ಟಿದ್ದೆ!

ಲಿವರ್‌ನಲ್ಲಿ ಮಾತ್ರ ಕಬ್ಬಿಣ ಕಡಿಮೆಯೇ ಇತ್ತು. ಕಬ್ಬಿಣ ತೆಗೆಯೋ ಔಷಧಿ ಕೊಟ್ಟರೆ ಲಿವರ್ ಬೇಗ ಖಾಲಿಯಾಗುತ್ತದೆ, ಹೃದಯಕ್ಕೆ ವರ್ಷಗಳೇ ಬೇಕು. ಫೆರಿಟಿನ್ ಹೆಚ್ಚಾಗಿ ತೋರಿಸೋದು ಲಿವರ್‌ನ ಕಬ್ಬಿಣವನ್ನೇ, ಅದು ನಮಗೆ ಮೋಸ ಮಾಡಿದ್ದು ಅಲ್ಲೇ. ಎಕೋ ನೋಡೋದು ಪಂಪಿಂಗ್, ಅದು ಕೆಡೋದು ತಡವಾಗಿ.

ಎಂಆರ್‌ಐ ಚಿತ್ರದಲ್ಲಿ ಹೃದಯದ ಹೊರಗೋಡೆ ಇನ್ನಷ್ಟು ಕಪ್ಪಾಗಿತ್ತು, ಗಾಬರಿಯಾಯ್ತು. ಪಕ್ಕದ ಶ್ವಾಸಕೋಶದ ಗಾಳಿಯಿಂದಲೂ ಹಾಗೆ ಕಾಣುತ್ತದಂತೆ, ಅದಕ್ಕೇ ಎರಡು ಕೋಣೆಗಳ ನಡುವಿನ ಗೋಡೆಯಲ್ಲೇ ಅಳೆಯುತ್ತಾರೆ. ಚಿತ್ರ ಸ್ಪಷ್ಟವಾಗಲು ಕೊಡೋ ಗ್ಯಾಡೋಲಿನಿಯಂ ಇಂಜೆಕ್ಷನ್ ಬೇಕಾಗಲಿಲ್ಲ, ಅದು ಬೇಕಾಗೋದು ಹೃದಯದಲ್ಲಿ ಗಾಯದ ಕಲೆ ಹುಡುಕೋಕೆ.

ಈಗ ಕಬ್ಬಿಣ ತೆಗೆಯೋ ಡಿಫೆರಾಕ್ಸಮೈನ್ ಜೊತೆ ಅದೇ ಕೆಲಸದ ಡಿಫೆರಿಪ್ರೋನ್ ಮಾತ್ರೆ ಸೇರಿಸಿದ್ದಾರೆ. ಈ ಮಾತ್ರೆಯಿಂದ ಬಿಳಿ ರಕ್ತಕಣ ಕಡಿಮೆಯಾಗಬಹುದು ಅಂತ ವಾರ ವಾರ ರಕ್ತ ಪರೀಕ್ಷೆ, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಓಡಬೇಕು. ಮುಂದಿನ ಸ್ಕ್ಯಾನ್ 6 ತಿಂಗಳಿಗೆ.