ಅಪ್‌ಡೇಟ್: 16-ಬಿಟ್ ಆ್ಯಡರ್‌ನ ಡಿಲೇ ಕೊನೆಗೆ 8 ಗೇಟ್‌ಗೆ ಇಳಿಯಿತು

ನನ್ನ ಪ್ರಶ್ನೆ: "ನಾಲ್ಕು 4-ಬಿಟ್ ಲುಕ್‌ಅಹೆಡ್ ಬ್ಲಾಕ್ ಜೋಡಿಸಿದರೂ 10 ಗೇಟ್ ಡಿಲೇ ಬರ್ತಿದೆ, ಕಡಿಮೆ ಮಾಡೋದು ಹೇಗೆ?"

ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೆಲಸ ಮಾಡಿದ್ದು ಗ್ರೂಪ್ ಜನರೇಟ್, ಪ್ರೊಪಗೇಟ್ ಸಲಹೆ. ಹದಿನಾರೂ ಬಿಟ್‌ಗೆ ಒಂದೇ ಲುಕ್‌ಅಹೆಡ್ ಹಾಕುವ ಸಲಹೆ ಆಗಲಿಲ್ಲ: `c16`ಗೆ 17 ಇನ್‌ಪುಟ್‌ನ ಗೇಟ್ ಬೇಕಾಗುತ್ತೆ.

ಪ್ರತಿ ಬ್ಲಾಕ್‌ನಿಂದ ಕ್ಯಾರಿ ಬದಲು ಈ ಎರಡನ್ನು ಹೊರಗೆ ತಂದೆ:

```
P = p3p2p1p0
G = g3 + p3g2 + p3p2g1 + p3p2p1g0
```

ಇವೆರಡರಲ್ಲೂ ಒಳಬರುವ ಕ್ಯಾರಿ ಇಲ್ಲವೇ ಇಲ್ಲ, ಗುಟ್ಟಿರೋದು ಅಲ್ಲೇ. ಯಾವ ಬ್ಲಾಕೂ ಪಕ್ಕದ ಬ್ಲಾಕಿಗೆ ಕಾಯದೆ ನಾಲ್ಕೂ ಒಟ್ಟಿಗೆ ಲೆಕ್ಕ ಮುಗಿಸುತ್ತವೆ. ಆಮೇಲೆ ಮೇಲಿನ ಹಂತದ ಲುಕ್‌ಅಹೆಡ್, ಉದಾಹರಣೆಗೆ `c8 = G1 + P1G0 + P1P0c0`.

ಡಿಲೇ ಲೆಕ್ಕ (ಎಕ್ಸಾರ್ ಅನ್ನೂ ಒಂದೇ ಗೇಟ್ ಅಂತ ಎಣಿಸಿ): `g`, `p` ಸಿದ್ಧವಾಗೋದು 1ಕ್ಕೆ, `G` 3ಕ್ಕೆ, `c4`ರಿಂದ `c16`ರವರೆಗಿನ ಬ್ಲಾಕ್ ಕ್ಯಾರಿಗಳೆಲ್ಲ 5ಕ್ಕೆ. ಕೊನೆಯ ಬ್ಲಾಕ್ ಒಳಗೆ `c15` 7ಕ್ಕೆ, `s15` 8ಕ್ಕೆ. ಬರೀ ರಿಪಲ್ ಆಗಿದ್ದರೆ `c16` ಒಂದಕ್ಕೇ ಸುಮಾರು 32 ಬೇಕಿತ್ತು.

ನನಗೆ ಅಚ್ಚರಿಯಾಗಿದ್ದು, `c16` ಬಂದು 3 ಗೇಟ್ ಆದಮೇಲೆ `s15` ಬರೋದು! ಕೊನೆಯ ಕ್ಯಾರಿಯೇ ಎಲ್ಲಕ್ಕಿಂತ ತಡ ಅಂತ ರಿಪಲ್ ನೋಡಿದವರಿಗೆ ಅನಿಸಿರುತ್ತೆ.

ಪರೀಕ್ಷೆಗೆ `FFFF + 0001` ಕೊಡಿ. `G0` 1, `P1`, `P2`, `P3` ಮೂರೂ 1, ಉಳಿದ `G`ಗಳು 0 ಇರಬೇಕು. `c16` 1, ಮೊತ್ತ `0000`. ಮೊತ್ತ `FFF0` ಬಂದರೆ `G0` ಮೇಲಿನ ಹಂತಕ್ಕೆ ತಲುಪಿಲ್ಲ ಅಂತ ಅನುಮಾನಿಸಿ, ಆ ವೈರ್ ಮೊದಲು ನೋಡಿ.