ಹದಿನೈದೇ ಸೆಕೆಂಡಿನಲ್ಲಿ ನಮ್ಮ ಮೆಡಿಕಲ್ ಶಾಪ್ ಜಾಹೀರಾತು: ಏನು ಉಳಿಸೋದು, ಏನು ಬಿಡೋದು?

ಪ್ರಶ್ನೆ (ಮೆಡಿಕಲ್ ಶಾಪ್, ವಿದ್ಯಾನಗರ, ಹುಬ್ಬಳ್ಳಿ):
ನಮಸ್ಕಾರ. ಮನೆಗೆ ಔಷಧಿ ತಲುಪಿಸಲು ಶುರು ಮಾಡಿದ್ದೇವೆ. ಮನೆಯಲ್ಲಿ ಇಡುವ ಅಲೆಕ್ಸಾ ಥರದ ಸ್ಪೀಕರ್‌ನಲ್ಲಿ ಹಾಡುಗಳ ನಡುವೆ ಬರುವ 15 ಸೆಕೆಂಡಿನ ಜಾಹೀರಾತು ಮಾಡಿಸಬೇಕು. ನಾನೇ ಬರೆದಿದ್ದೇನೆ, ಅಂಗಡಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ನಾಲ್ಕು ಅಕ್ಷರದ ಹೆಸರು.

"ಹುಬ್ಬಳ್ಳಿ-ಧಾರವಾಡದ ಜನರೇ, ಗಮನಿಸಿ! ನಿಮ್ಮ ಶುಗರ್, ಬಿಪಿ, ಹೃದಯದ ಎಲ್ಲ ಔಷಧಿಗಳು ಈಗ ನಿಮ್ಮ ಮನೆ ಬಾಗಿಲಿಗೆ! ಶೇಕಡಾ ಹದಿನೈದು ರಿಯಾಯಿತಿ. ವಿದ್ಯಾನಗರದ ____ ಮೆಡಿಕಲ್ಸ್. ಕರೆ ಮಾಡಿ", ಆಮೇಲೆ ಹತ್ತು ಅಂಕಿಯ ನಂಬರ್. ಕೊನೆಗೆ "ಅಲೆಕ್ಸಾ, ____ ಮೆಡಿಕಲ್ಸ್‌ಗೆ ಕರೆ ಮಾಡು ಎಂದು ಹೇಳಿ. ಶರತ್ತುಗಳು ಅನ್ವಯ."

ಓದಿದರೆ 24 ಸೆಕೆಂಡ್ ಆಗುತ್ತಿದೆ. ಏನು ಕತ್ತರಿಸಲಿ?

ಉತ್ತರ (ಆಡಿಯೋ ಜಾಹೀರಾತು ಬರೆಯುವವರು, ಧಾರವಾಡ):
ಗಡಿಯಾರ ಪಕ್ಕಕ್ಕಿಡಿ, ಅಕ್ಷರ ಎಣಿಸಿ. ನಾನು ಕೆಲಸ ಮಾಡೋದು ಹೀಗೆ. ಕನ್ನಡದಲ್ಲಿ ಪದ ಎಣಿಸಿದರೆ ಲೆಕ್ಕ ತಪ್ಪುತ್ತದೆ. "ಗುಳಿಗೆ" ಒಂದು ಪದ, "ಕೊಡುತ್ತಿದ್ದೇವೆ" ಕೂಡ ಒಂದೇ ಪದ. ಒತ್ತಕ್ಷರವನ್ನು ಒಂದೇ ಅಂತ ಎಣಿಸಿ, ಕೊನೆಯ ಅರ್ಧಾಕ್ಷರವನ್ನು ಹಿಂದಿನದಕ್ಕೆ ಸೇರಿಸಿ. ಮನೆಯಲ್ಲಿ ಕೂತು ಮಾತಾಡುವ ಹದದಲ್ಲಿ ಒಂದು ಸೆಕೆಂಡಿಗೆ ಐದರಿಂದ ಆರು ಅಕ್ಷರ ಆರಾಮಾಗಿ ಬರುತ್ತವೆ. ಮೊದಲಿಗೆ ಅರ್ಧ ಸೆಕೆಂಡ್, ಕೊನೆಗೆ ಅರ್ಧ ಸೆಕೆಂಡ್ ಮೌನ ಬೇಕು, ಇಲ್ಲದಿದ್ದರೆ ಹಿಂದಿನ ಹಾಡಿನ ಬಾಲಕ್ಕೆ ನಿಮ್ಮ ಮಾತು ಅಂಟುತ್ತದೆ. ವಾಕ್ಯಗಳ ನಡುವಿನ ಉಸಿರಿಗೂ ಒಂದು ಸೆಕೆಂಡ್ ಹೋಗುತ್ತದೆ. ಮಾತಿಗೆ ಉಳಿಯೋದು 13 ಸೆಕೆಂಡ್. ಅಂದರೆ ಸುಮಾರು 70 ಅಕ್ಷರ.

ನಿಮ್ಮದರಲ್ಲಿ ಹೆಚ್ಚೂ ಕಡಿಮೆ 120 ಇವೆ. ಇಲ್ಲೊಂದು ಪದ, ಅಲ್ಲೊಂದು ಪದ ತೆಗೆದರೆ ಆಗೋದಿಲ್ಲ. ಇಡೀ ವಿಷಯಗಳನ್ನೇ ಬಿಡಬೇಕು.

ಮೊದಲು ಹೋಗಬೇಕಾದ್ದು ಫೋನ್ ನಂಬರ್. ಹತ್ತು ಅಂಕಿಗೆ 22 ಅಕ್ಷರ ಬೇಕು, ನಡುವೆ ಬಿಡುವು ಸೇರಿ ಐದು ಸೆಕೆಂಡ್. ನಿಮ್ಮ ಸಮಯದ ಮೂರನೇ ಒಂದು ಭಾಗ. ಅಷ್ಟು ಕೊಟ್ಟರೂ ಯಾರ ತಲೆಯಲ್ಲೂ ಉಳಿಯುವುದಿಲ್ಲ. ಸ್ಪೀಕರ್ ಇರೋದು ಅಡುಗೆಮನೆ ಕಟ್ಟೆಯ ಮೇಲೆ, ಕೇಳುವವರ ಕೈಯಲ್ಲಿ ರೊಟ್ಟಿ ಹಿಟ್ಟು. ಪರದೆ ಇಲ್ಲ, ಒತ್ತೋಕೆ ಬಟನ್ ಇಲ್ಲ. ಒಂದು ಹೆಸರು, ಒಂದು ಊರು, ಒಂದು ಕೆಲಸ, ಇಷ್ಟೇ ನೆನಪಿರುತ್ತದೆ.

ಎರಡನೆಯದು ಆ ಅಲೆಕ್ಸಾ ಸಾಲು. ಇದನ್ನು ಖಂಡಿತ ತೆಗೆಯಿರಿ. ಜಾಹೀರಾತಿನಲ್ಲಿ ಸ್ಪೀಕರ್‌ನ ಹೆಸರು ಕೂಗಿದರೆ ಪಕ್ಕದ ಕೋಣೆಯಲ್ಲಿರುವ ಇನ್ನೊಂದು ಸ್ಪೀಕರ್ ಎಚ್ಚರಾಗಿ ಏನೋ ಉತ್ತರ ಕೊಡಲು ಶುರು ಮಾಡುತ್ತದೆ. ನಿಮ್ಮ ಮಾತು ಅಲ್ಲಿಗೇ ಕೆಡುತ್ತದೆ. ಮೇಲಾಗಿ ನಮ್ಮ ಮನೆಗಳಲ್ಲಿ ಅದು ಇಂಗ್ಲಿಷ್ ಅಥವಾ ಹಿಂದಿಗೆ ಹೊಂದಿಸಿರುತ್ತದೆ. ಕನ್ನಡ ಹೆಸರು ಹೇಳಿದರೆ ಬೇರೇನೋ ಕೇಳಿಸಿಕೊಂಡು ಬೇರೆ ಕಡೆ ಹೋಗುತ್ತದೆ. ಕೇಳುಗರು ಒಮ್ಮೆ ಪ್ರಯತ್ನಪಟ್ಟು ಸೋತರೆ ಮತ್ತೆ ನಿಮ್ಮ ಕಡೆ ಬರುವುದಿಲ್ಲ.

ರಿಯಾಯಿತಿಯನ್ನೂ ಬಿಡಿ. ರಿಯಾಯಿತಿ ಅಂದಾಗ ಶರತ್ತು ಹೇಳಬೇಕು, ಶರತ್ತು ಹೇಳಲು ಎರಡು ಸೆಕೆಂಡ್ ಬೇಕು.

ನಾನು ಬರೆಯುವುದಾದರೆ ಹೀಗೆ:

"ಅವ್ವನ ಗುಳಿಗಿ ಮುಗ್ಯಾಕ ಬಂದಾವೇನ್ರಿ? ಡಾಕ್ಟ್ರ ಚೀಟಿ ಫೋಟೋ ವಾಟ್ಸಾಪ್ ಮಾಡ್ರಿ, ಮನಿಗೇ ತಂದು ಕೊಡ್ತೀವಿ. ಹುಬ್ಬಳ್ಳಿ ವಿದ್ಯಾನಗರ, ____ ಮೆಡಿಕಲ್ಸ್. ಮೊಬೈಲ್‌ನ್ಯಾಗ ಹೆಸರು ಹುಡುಕ್ರಿ, ನಂಬರ್ ಸಿಗತೈತಿ. ____ ಮೆಡಿಕಲ್ಸ್."

ಹೆಸರು ಎರಡು ಸಲ ಸೇರಿ 69 ಅಕ್ಷರ. ಕೇಳುವವರು ಹೆಸರನ್ನೇ ಹುಡುಕಬೇಕಾದ್ದರಿಂದ ಒಂದು ಕೆಲಸ ನಿಮ್ಮ ಮೇಲಿದೆ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಸರಿಯಾಗಿ ಸಿಗಬೇಕು, ಅಲ್ಲಿರುವ ನಂಬರ್ ವಾಟ್ಸಾಪ್ ಇರುವ ನಂಬರೇ ಆಗಿರಬೇಕು. ಅದು ಸರಿಯಿಲ್ಲದಿದ್ದರೆ ಜಾಹೀರಾತು ಮಾಡಿಸಬೇಡಿ, ದುಡ್ಡು ಹೋಗುತ್ತದೆ.

ಪ್ರತಿಕ್ರಿಯೆ (ಅಂಗಡಿಗಳಿಗೆ ಪ್ರಚಾರ ಮಾಡಿಕೊಡುವವರು, ಗೋಕುಲ ರಸ್ತೆ):
ನಂಬರ್ ಬಿಡೋದು ತಪ್ಪು ಸರ್. ಎಫ್ಎಂನಲ್ಲಿ ಎಷ್ಟು ಅಂಗಡಿಗೆ ಮಾಡಿಸಿದ್ದೇನೆ, ನಂಬರ್ ಎರಡು ಸಲ ಹೇಳಿದರೇ ಕರೆ ಬರೋದು. ಜಾಗ ಸಾಲದಿದ್ದರೆ ಸಾಫ್ಟ್‌ವೇರ್‌ನಲ್ಲಿ 1.25 ವೇಗ ಕೊಡಿ, ದನಿ ಬದಲಾಗಲ್ಲ. ಇಷ್ಟು ತಲೆ ಕೆಡಿಸಿಕೊಳ್ಳೋದು ಬೇಡ.

ಧಾರವಾಡದವರು:
ಎಫ್ಎಂ ಬಗ್ಗೆ ನೀವು ಹೇಳಿದ್ದು ಸರಿ. ಅಲ್ಲಿ ಅದೇ ಜಾಹೀರಾತು ದಿನಕ್ಕೆ ಹತ್ತಾರು ಸಲ ಬರುತ್ತದೆ, ನಂಬರ್ ಕಿವಿಗೆ ಹಾಡಿನಂತೆ ಕೂರುತ್ತದೆ. ಇಲ್ಲಿ ಒಂದು ಮನೆಗೆ ವಾರದಲ್ಲಿ ಎರಡು ಮೂರು ಸಲ ಬಂದರೆ ಹೆಚ್ಚು.

ವೇಗದ ವಿಷಯ ಮಾತ್ರ ಒಪ್ಪೋದಿಲ್ಲ. ದನಿಯ ಎತ್ತರ ಬದಲಾಗಲ್ಲ, ನಿಜ. ಆದರೆ ಸ, ಶ, ತ, ಕ ಇವೆಲ್ಲ ಒಂದರ ಮೇಲೊಂದು ಬೀಳುತ್ತವೆ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳೋದು ಈ ಸಣ್ಣ ಸದ್ದುಗಳನ್ನೇ. ತಿಂಗಳ ಗುಳಿಗೆ ತರಿಸುವವರಲ್ಲಿ ಅವರೇ ಜಾಸ್ತಿ, ಅಲ್ವಾ? ಅವರಿಗೆ ಕೇಳದ ಜಾಹೀರಾತು ಯಾಕೆ?

ಪ್ರತಿಕ್ರಿಯೆ (ನಿವೃತ್ತ ಫಾರ್ಮಸಿಸ್ಟ್, ಗದಗ):
ತಮ್ಮಾ, ಸೆಕೆಂಡಿನ ಲೆಕ್ಕ ಆಯಿತು. ನಿನ್ನ ಮೊದಲ ಬರಹದಲ್ಲಿದ್ದ ಎರಡು ಮಾತು ನನಗೆ ಭಯ ಹುಟ್ಟಿಸಿದವು.

ಒಂದು, "ಎಲ್ಲ ಔಷಧಿಗಳು". ಎಲ್ಲವನ್ನೂ ಮನೆಗೆ ಕಳಿಸುವಂತಿಲ್ಲ. ಲೈಸೆನ್ಸ್ ಇರುವ ಅಂಗಡಿಯವರು ಮನೆ ಬಾಗಿಲಿಗೆ ಔಷಧಿ ಕೊಡಬಹುದು ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದು ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 26ರಂದು. ಅದರಲ್ಲಿ ಶೆಡ್ಯೂಲ್ ಎಚ್ ಔಷಧಿಗೆ ಚೀಟಿ ಬೇಕೇ ಬೇಕು. ಇನ್ನೂ ಬಿಗಿ ಪಟ್ಟಿಗಳಾದ ಎಚ್1, ಎಕ್ಸ್‌ನ ಔಷಧಿಗಳನ್ನೂ ಅಮಲು ಬರಿಸುವ ಔಷಧಿಗಳನ್ನೂ ಹೊರಗಿಟ್ಟಿದ್ದಾರೆ. ನಿನ್ನ ಅಂಗಡಿ ಇರುವ ಜಿಲ್ಲೆಯೊಳಗೆ ಮಾತ್ರ ಕಳಿಸಬಹುದು. ದೀರ್ಘಕಾಲದ ಕಾಯಿಲೆಯಾದರೆ ಚೀಟಿ ಬರೆದ 30 ದಿನದೊಳಗೆ ಬರಬೇಕು, ಜ್ವರ ನೆಗಡಿಯಂಥದ್ದಾದರೆ 7 ದಿನ. ಹಳೇ ಚೀಟಿಯ ಫೋಟೋ ಕಳಿಸುವವರೇ ಹೆಚ್ಚು. ತಾರೀಖು ನೋಡದೆ ಗುಳಿಗೆ ಕೊಡಬೇಡ.

ಇನ್ನೊಂದು, ಕಾಯಿಲೆಯ ಹೆಸರು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಕಾಯಿಲೆ ಮೂರೂ ಇವೆ. ಅವಕ್ಕೆ ಇಂಥ ಔಷಧಿ ಅಂತ ಜಾಹೀರಾತು ಕೊಡುವಂತಿಲ್ಲ. ಬಾಯಿಮಾತಿನ, ಧ್ವನಿಯ ಪ್ರಕಟಣೆಯೂ ಜಾಹೀರಾತೇ ಅಂತ ಕಾಯ್ದೆಯಲ್ಲೇ ಬರೆದಿದೆ. "ನಾನು ಹೇಳಿದ್ದು ಅಂಗಡಿ ಬಗ್ಗೆ, ಔಷಧಿ ಬಗ್ಗೆ ಅಲ್ಲ" ಅಂತ ನೀನು ವಾದಿಸಬಹುದು. ಆದರೆ ಆ ವಾದ ಮಾಡುವ ಪ್ರಸಂಗವೇ ಯಾಕೆ ಬರಬೇಕು? "ಅವ್ವನ ಗುಳಿಗಿ" ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ಆ ಅಧಿಸೂಚನೆ ಹಿಂದಕ್ಕೆ ಪಡೆಯಿರಿ ಅಂತ ಔಷಧ ವ್ಯಾಪಾರಿಗಳ ಸಂಘ ಕೇಳುತ್ತಲೇ ಬಂದಿದೆ. ರೆಕಾರ್ಡಿಂಗಿಗೆ ಹೋಗುವ ಮೊದಲು ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಹೋಗಿ ಒಂದು ಮಾತು ಕೇಳಿ ಬಾ.

ಪ್ರತಿಕ್ರಿಯೆ (ಗೃಹಿಣಿ, ಹಾವೇರಿ):
ನಮ್ಮ ಅತ್ತೆಗೂ ಇದು ಬೇಕಿತ್ತು. ರಾತ್ರಿ ಎಂಟಕ್ಕೆ ಗುಳಿಗೆ ನೆನಪು ಮಾಡು ಅಂತ ಆ ಸ್ಪೀಕರ್‌ಗೆ ಕನ್ನಡದಲ್ಲಿ ಹೇಳಿದರೆ ಮಾಡುತ್ತಾ? ನಮ್ಮಲ್ಲಿ ಮಗ ಇಂಗ್ಲಿಷ್‌ನಲ್ಲಿ ಹೇಳಿ ಹೋಗ್ತಾನೆ, ಅತ್ತೆಗೆ ಅದು ಏನು ಅಂದಿತು ಅಂತ ಗೊತ್ತಾಗಲ್ಲ. ಇನ್ನೊಂದು ವಿಷಯ. ಬೆಳಿಗ್ಗೆ ವಚನ ಹಾಕಿರುತ್ತೇವೆ. ನಡುವೆ ಜಾಹೀರಾತು ಜೋರಾಗಿ ಕಿರುಚುತ್ತದೆ, ಅತ್ತೆ ಬೆಚ್ಚಿ ಬೀಳ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಧಾರವಾಡದವರು:
ಅಕ್ಕಾರ, ಇವರು ಕೇಳಿದ್ದು ಜಾಹೀರಾತಿನ ಬಗ್ಗೆ. ಗುಳಿಗೆ ನೆನಪಿಸೋದು ಆ ಸ್ಪೀಕರ್‌ನ ಬೇರೆ ಸೌಲಭ್ಯ. ನಿಮ್ಮ ಮಗ ಮಾಡಿದ ಹಾಗೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಹೇಳಬೇಕು. "ಬೀಪ್ ಬಂದರೆ ಗುಳಿಗೆ" ಅಂತ ಅತ್ತೆಗೆ ಅಭ್ಯಾಸ ಮಾಡಿಸಿದರೆ ಮಾತು ತಿಳಿಯದಿದ್ದರೂ ನಡೆಯುತ್ತದೆ.

ಆದರೆ ನಿಮ್ಮ ಎರಡನೆಯ ಮಾತು ಬಹಳ ಮುಖ್ಯ. ಶುರುವಿನಲ್ಲೇ ಗಂಟೆ, ಹಾರ್ನ್, "ಗಮನಿಸಿ!" ಯಾವುದೂ ಬೇಡ. ದನಿ ಪಕ್ಕದಲ್ಲಿ ನಿಂತು ಕೇಳಿದ ಹಾಗಿರಲಿ. ಹಿನ್ನೆಲೆ ಸಂಗೀತ ಬೇಕೇ ಬೇಕು ಅಂದರೆ ಮಾತಿಗಿಂತ ಬಹಳ ಕೆಳಗಿರಲಿ. ಸ್ಟುಡಿಯೋದ ದೊಡ್ಡ ಸ್ಪೀಕರ್‌ನಲ್ಲಿ ಎಲ್ಲವೂ ಚಂದ ಕೇಳುತ್ತದೆ, ಅಲ್ಲಿ ಒಪ್ಪಿಗೆ ಕೊಡಬೇಡಿ. ಫೈಲ್ ಮನೆಗೆ ತನ್ನಿ. ಮೊಬೈಲನ್ನು ಅಡುಗೆ ಕಟ್ಟೆಯ ಮೇಲಿಟ್ಟು ಹಾಕಿ, ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ. ವಿಷಯ ಗೊತ್ತಿಲ್ಲದ ಒಬ್ಬರನ್ನು ಬಾಗಿಲ ಹತ್ತಿರ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು "ಯಾವ ಅಂಗಡಿ? ಏನು ಕಳಿಸಬೇಕು?" ಅಂತ ಕೇಳಿ. ಎರಡಕ್ಕೂ ಉತ್ತರ ಬಂದರೆ ಜಾಹೀರಾತು ಸರಿಯಿದೆ.

ಪ್ರತಿಕ್ರಿಯೆ (ಗೋಕುಲ ರಸ್ತೆಯವರು):
ವೇಗದ ಮಾತು ವಾಪಸ್ ತಗೊಂಡೆ. ಆದರೆ "ಹುಬ್ಬಳ್ಳಿ" ಮೊದಲ ಪದವೇ ಆಗಬೇಕು. ಊರಿನ ಹೆಸರು ಕೇಳಿದರೆ ಜನ ಕಿವಿ ಕೊಡುತ್ತಾರೆ. ಜಾಹೀರಾತು ಯಾವ ಮನೆಗೆ ಹಾಕಬೇಕು ಅಂತ ಇಂಟರ್ನೆಟ್ ವಿಳಾಸ ನೋಡಿ ಊರು ಗುರುತಿಸುತ್ತಾರಲ್ಲ, ಅದು ಎಷ್ಟೋ ಸಲ ತಪ್ಪುತ್ತದೆ. ಬೆಂಗಳೂರಿನ ಮನೆ ಹುಬ್ಬಳ್ಳಿ ಅಂತ ತೋರಿಸುತ್ತದೆ, ಅಲ್ಲಿಯವರು ಸುಮ್ನೆ ಕೇಳುತ್ತಾರೆ.

ಧಾರವಾಡದವರು:
ಊರು ತಪ್ಪೋದು ನಿಜ, ನಾನೂ ನೋಡಿದ್ದೇನೆ. ಆದರೂ "ಅವ್ವನ ಗುಳಿಗಿ" ಮೊದಲು ಬರಲಿ ಅಂತಲೇ ನನ್ನ ಮನಸ್ಸು. ಊರಿನ ಹೆಸರು ಎಲ್ಲ ಜಾಹೀರಾತಿನಲ್ಲೂ ಇರುತ್ತದೆ. ಮನೆಯ ಗುಳಿಗೆ ಡಬ್ಬಿ ಅರ್ಧ ಖಾಲಿ ಇದೆ ಅಂತ ನೆನಪಾಗೋದು ಆ ಪ್ರಶ್ನೆಯಿಂದ.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ:
ಎಲ್ಲರಿಗೂ ಧನ್ಯವಾದ. ಗದಗದ ಕಾಕಾ ಹೇಳಿದ ಹಾಗೆ ಔಷಧ ನಿಯಂತ್ರಕರ ಕಚೇರಿಗೆ ಬರಹ ತೆಗೆದುಕೊಂಡು ಹೋಗಿದ್ದೆ. ಓದಿ ನೋಡಿದರು, ಸೋಮವಾರ ಬರಲು ಹೇಳಿದ್ದಾರೆ.

ಅಷ್ಟರಲ್ಲಿ ನಮ್ಮ ಚಿಕ್ಕಮ್ಮನ ದನಿಯಲ್ಲಿ ಮೊಬೈಲ್‌ನಲ್ಲೇ ಎರಡು ಥರ ರೆಕಾರ್ಡ್ ಮಾಡಿದೆ. "ಅವ್ವನ ಗುಳಿಗಿ" ಮೊದಲಿರುವುದು 14.2 ಸೆಕೆಂಡ್. "ಹುಬ್ಬಳ್ಳಿ" ಮೊದಲಿರುವುದು 14.6. ಉಣಕಲ್‌ನಲ್ಲಿರುವ ಅಕ್ಕನ ಅಡುಗೆಮನೆಯಲ್ಲಿ ಫ್ಯಾನ್ ಹಾಕಿ ಆರು ಜನರಿಗೆ ಕೇಳಿಸಿದೆ, ಮೂವರಿಗೆ ಒಂದು, ಮೂವರಿಗೆ ಇನ್ನೊಂದು. ಚೀಟಿ ಫೋಟೋ ಕಳಿಸಬೇಕು ಅನ್ನೋದು ಆರೂ ಜನರಿಗೆ ನೆನಪಿತ್ತು. ಅಂಗಡಿ ಹೆಸರು ನಾಲ್ವರು ಸರಿ ಹೇಳಿದರು, ಎರಡೂ ಗುಂಪಿನಲ್ಲಿ ಇಬ್ಬಿಬ್ಬರು. ಉಳಿದ ಇಬ್ಬರೂ ಅದೇ ರಸ್ತೆಯ ಇನ್ನೊಂದು ಮೆಡಿಕಲ್ ಹೆಸರು ಹೇಳಿದರು. ಎರಡು ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಇದಕ್ಕೆ ಏನು ಮಾಡಲಿ ಸರ್? ಹೆಸರಿನ ಜೊತೆ ಎದುರಿನ ಬಸ್ ಸ್ಟಾಪ್ ಸೇರಿಸಿದರೆ ಐದು ಅಕ್ಷರ ಜಾಸ್ತಿ ಆಗುತ್ತದೆ.

ಧಾರವಾಡದವರು:
ಸೇರಿಸಿ. "ನಂಬರ್ ಸಿಗತೈತಿ" ತೆಗೆಯಿರಿ, ಆರು ಅಕ್ಷರ ಉಳಿಯುತ್ತದೆ. ಹೆಸರು ಹುಡುಕಿದವರಿಗೆ ನಂಬರ್ ಹೇಗೂ ಕಾಣುತ್ತದೆ. ಮತ್ತೆ ಆರು ಜನರಿಗೆ ಕೇಳಿಸಿ, ಆದರೆ ಹೊಸಬರಿಗೆ.